ಬ್ಯಾಟರಿ ಉಳಿಯಿತು, ತೋಟ ಒಣಗಿತು

ಗುಬ್ಬಿಯ ನಮ್ಮ ತೆಂಗಿನ ತೋಟದಲ್ಲಿ ಬೋರ್‌ವೆಲ್ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇವೆ. ವೋಲ್ಟೇಜ್ ಏರುಪೇರಾಗಿ ಮೋಟಾರ್ ನಿಂತರೆ ತುಮಕೂರಿನಲ್ಲಿರೋ ನನಗೆ ಆ್ಯಪ್ ಹೇಳಬೇಕು, ನಾನು ಮತ್ತೆ ಆನ್ ಮಾಡಬೇಕು. ಮೊನ್ನೆ ರಾತ್ರಿ ಮೋಟಾರ್ ನಿಂತಿತು, ಫೋನ್ ತೆಪ್ಪಗಿತ್ತು. ತ್ರೀ ಫೇಸ್ ಕರೆಂಟ್ ಬಂದು ಹೋಯ್ತು.

ನೆಟ್‌ವರ್ಕ್ ಮೇಲೆ ತಪ್ಪು ಹೊರಿಸಬೇಡಿ. ವಾಟ್ಸಾಪ್ ಮೆಸೇಜು ರಾತ್ರಿಯಿಡೀ ಬಂದಿವೆ. ಬೆಳಿಗ್ಗೆ ಆ್ಯಪ್ ತೆರೆದ ತಕ್ಷಣ ನಾಲ್ಕು ಎಚ್ಚರಿಕೆ ಒಟ್ಟಿಗೆ ಬಿದ್ದವು. ಅಂದ್ರೆ ಫೋನೇ ತಡೆದಿಟ್ಟಿತ್ತು.

2018ರ ಆಂಡ್ರಾಯ್ಡ್ 9ರಿಂದ ಆ್ಯಪ್‌ಗಳನ್ನು ಎಷ್ಟು ಬಳಸುತ್ತೇವೆ ಅನ್ನೋದರ ಮೇಲೆ ವಿಂಗಡಿಸುತ್ತಾರೆ. ಅಪರೂಪಕ್ಕೆ ತೆರೆಯೋದಕ್ಕೆ ಹಿನ್ನೆಲೆಯಲ್ಲಿ ಕಡಿಮೆ ಅವಕಾಶ. ದಿನಾ ನೋಡೋ ರೀಲ್ಸ್‌ಗೆ ಬಾಗಿಲು ಸದಾ ತೆರೆದಿರುತ್ತೆ, ಆಪತ್ತಿಗೆ ಮಾತ್ರ ಬೇಕಾದ ಆ್ಯಪ್‌ಗೆ ಬೀಗ. ಇದ್ಯಾವ ನ್ಯಾಯ ಸ್ವಾಮಿ?

ಆ ಆ್ಯಪ್‌ನ App info ತೆರೆದು, ಬ್ಯಾಟರಿ ವಿಭಾಗದಲ್ಲಿ Unrestricted ಆರಿಸಿ. ಕುಣಿಗಲ್‌ನ ಭಾವನ ಫೋನಲ್ಲಿ ಅದೂ ಸಾಲದೆ Autostart ಬೇರೆ ಆನ್ ಮಾಡಬೇಕಾಯ್ತು. ಆಮೇಲೆ ಚಾರ್ಜರ್ ತೆಗೆದು, ಸ್ಕ್ರೀನ್ ಆರಿಸಿ, ಗಂಟೆಗಟ್ಟಲೆ ಮುಟ್ಟದೆ ಬಿಟ್ಟು ಪರೀಕ್ಷಿಸಿ.

ಇಷ್ಟೆಲ್ಲ ರೈತನೇ ಹುಡುಕಿಕೊಳ್ಳಬೇಕಾ? ಆ್ಯಪ್‌ನ ಬಾಯಿ ಕಟ್ಟೋ ಮುಂಚೆ, "ಇದರ ಎಚ್ಚರಿಕೆ ನಿಲ್ಲಿಸಲಾ?" ಅಂತ ಫೋನ್ ಒಂದು ಮಾತು ಕೇಳಲಿ.