ಚಿತ್ರ ನೋಡಿ ಊಹಿಸೋದು ಓದಲ್ಲ ಸ್ವಾಮಿ!

‘ಬ್ಯಾಲೆನ್ಸ್’ ಅನ್ನೋ ಪದಕ್ಕೆ ನಮ್ಮಲ್ಲಿ ಭಾರೀ ಮರ್ಯಾದೆ. ಇಬ್ಬರು ಜಗಳ ಆಡ್ತಿದ್ರೆ ‘ಇವರದ್ದರ್ಧ ಸರಿ, ಅವರದ್ದರ್ಧ ಸರಿ’ ಅಂದುಬಿಟ್ಟರೆ ಸಾಕು, ನಾವು ದೊಡ್ಡ ಮನುಷ್ಯರು! ಮಕ್ಕಳಿಗೆ ಇಂಗ್ಲಿಷ್ ಓದು ಕಲಿಸೋ ವಿಷಯದಲ್ಲಿ ಅಮೆರಿಕದವರು ಮಾಡಿದ್ದೂ ಇದೇ ಪಂಚಾಯ್ತಿ. ಅದರ ಬೆಲೆ ತೆತ್ತವರು ಮಾತ್ರ ಮಕ್ಕಳು.

ಜಗಳ ಏನು ಅಂತ ಮೊದಲು ಹೇಳಿಬಿಡ್ತೀನಿ. ಫೋನಿಕ್ಸ್‌ನವರ ಪ್ರಕಾರ ಯಾವ ಅಕ್ಷರಕ್ಕೆ ಯಾವ ಸದ್ದು ಅಂತ ಒಂದು ಕ್ರಮದಲ್ಲಿ ಕಲಿಸಬೇಕು, ಆ ಸದ್ದುಗಳನ್ನ ಕೂಡಿಸಿ ಪದ ಓದೋದನ್ನ ರೂಢಿ ಮಾಡಿಸಬೇಕು. ಹೋಲ್ ಲ್ಯಾಂಗ್ವೇಜ್‌ನವರ ಪ್ರಕಾರ ಮಗು ಮಾತು ಕಲಿತ ಹಾಗೇ ಓದೂ ಕಲಿಯುತ್ತೆ. ಒಳ್ಳೆ ಕತೆ ಪುಸ್ತಕಗಳ ನಡುವೆ ಬಿಟ್ಟರೆ ಸಾಕು, ಅಕ್ಷರ ಅಕ್ಷರ ಬಿಡಿಸಿ ಯಾಕೆ ಹಿಂಸೆ ಕೊಡಬೇಕು? ಕೆನ್ ಗುಡ್‌ಮನ್ ಅನ್ನೋ ವಿದ್ವಾಂಸರು 1967ರಲ್ಲಿ ‘ಓದು ಅನ್ನೋದು ಒಂದು ಊಹೆಯ ಆಟ’ ಅಂತ ವಾದಿಸಿ ಈ ಪಂಥಕ್ಕೆ ತಳಪಾಯ ಹಾಕಿದರು. 1987ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಪಠ್ಯಕ್ರಮವನ್ನೇ ಆ ಕಡೆ ತಿರುಗಿಸಿತು. 1994ರ ರಾಷ್ಟ್ರೀಯ ಓದಿನ ಪರೀಕ್ಷೆಯಲ್ಲಿ ಆ ರಾಜ್ಯ ತಳದ ಸಾಲಿನಲ್ಲಿತ್ತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ತುಂಬಿ ತುಳುಕುವ ತರಗತಿಗಳು, ಮನೆಯಲ್ಲಿ ಇಂಗ್ಲಿಷ್ ಇಲ್ಲದ ಮಕ್ಕಳು, ಎಲ್ಲ. ಆದರೂ ಗದ್ದಲ ಜೋರಾಯಿತು. ಆಮೇಲೆ ‘ಬ್ಯಾಲೆನ್ಸ್ಡ್ ಲಿಟರಸಿ’ ಅನ್ನೋ ರಾಜಿಸೂತ್ರ ಚಾಲ್ತಿಗೆ ಬಂತು.

ನನ್ನ ತಕರಾರು ಈ ರಾಜಿಯ ಬಗ್ಗೆ. ಬಹಳಷ್ಟು ಶಾಲೆಗಳಲ್ಲಿ ಅದು ಸಮತೋಲನ ಆಗಿರಲೇ ಇಲ್ಲ. ಹಳೇ ಊಹೆಯ ಆಟದ ಮೇಲೆ ಒಂದು ಚಿಟಿಕೆ ಫೋನಿಕ್ಸ್ ಉದುರಿಸಿದ್ದರು, ಅಷ್ಟೇ.

ಒಂದು ಉದಾಹರಣೆ ನೋಡಿ. ಪುಸ್ತಕದಲ್ಲಿ ‘ದ ಹಾರ್ಸ್ ರ‍್ಯಾನ್’ ಅಂತಿದೆ, ಪಕ್ಕದಲ್ಲಿ ಕುದುರೆ ಚಿತ್ರ. ಮಗು ಚಿತ್ರ ನೋಡಿ ‘ದ ಪೋನಿ ರ‍್ಯಾನ್’ ಅಂತು. ಟೀಚರ್ ಕೈಯಲ್ಲಿ ಒಂದು ಹಾಳೆ, ಅದರಲ್ಲಿ ಪ್ರತಿ ತಪ್ಪಿಗೂ ಮೂರು ಪ್ರಶ್ನೆ. ಅರ್ಥ ಹೊಂದುತ್ತಾ? ವಾಕ್ಯಕ್ಕೆ ಕೂರುತ್ತಾ? ಅಕ್ಷರ ಹೊಂದುತ್ತಾ? ಪೋನಿ ಅಂದರೂ ಕುದುರೆ ಜಾತಿಯೇ, ಹಾಗಾಗಿ ಮೊದಲನೇದು ಸರಿ. ಎರಡನೇದೂ ಸರಿ. ಮೂರರಲ್ಲಿ ಎರಡು ಸಿಕ್ಕಿತಲ್ಲ, ‘ಮಗು ಅರ್ಥ ಮಾಡಿಕೊಂಡು ಓದ್ತಿದೆ, ಭೇಷ್!’

ಅಲ್ಲಾ ಸ್ವಾಮಿ, ಆ ಮಗು ಆ ಪದದ ಒಂದು ಅಕ್ಷರವನ್ನೂ ಓದಿಲ್ಲ. ‘ಎಚ್’ನಿಂದ ಶುರುವಾಗೋ ಪದ ‘ಪ’ ಅಂತ ಶುರುವಾಗಲ್ಲ ಅನ್ನೋದೂ ಅದಕ್ಕೆ ಗೊತ್ತಿಲ್ಲ. ಒಂದನೇ ಕ್ಲಾಸಿನಲ್ಲಿ ಇದು ನಡೆಯುತ್ತೆ, ಯಾಕಂದ್ರೆ ಪುಸ್ತಕ ತುಂಬಾ ಚಿತ್ರ. ನಾಲ್ಕನೇ ಕ್ಲಾಸಿಗೆ ಬಂದಾಗ ಚಿತ್ರ ಕಮ್ಮಿ, ಪದಗಳು ಉದ್ದ. ಆಗ ಬಣ್ಣ ಬಯಲಾಗುತ್ತೆ. ಅಷ್ಟು ಹೊತ್ತಿಗೆ ಅಪ್ಪ ಅಮ್ಮ ‘ಇವನಿಗೆ ಓದೋದ್ರಲ್ಲಿ ಆಸಕ್ತಿ ಇಲ್ಲ’ ಅಂತ ತೀರ್ಮಾನಿಸಿ ಆಗಿರುತ್ತೆ.

ಇದರಲ್ಲಿ ಒಂದು ಸ್ವಾರಸ್ಯ ಇದೆ. ಚೆನ್ನಾಗಿ ಓದೋರು ಸಂದರ್ಭ ನೋಡಿ ಹೆಚ್ಚು ಊಹಿಸ್ತಾರೆ ಅಂತಲೇ ನಂಬಿಕೊಂಡು ಕೀತ್ ಸ್ಟ್ಯಾನೋವಿಚ್ ಮತ್ತು ರಿಚರ್ಡ್ ವೆಸ್ಟ್ 1970ರ ದಶಕದಲ್ಲಿ ಪ್ರಯೋಗಕ್ಕೆ ಇಳಿದರು. ಸಿಕ್ಕಿದ್ದು ತದ್ವಿರುದ್ಧ! ಪದ ಗುರುತಿಸೋಕೆ ಸಂದರ್ಭಕ್ಕೆ ಜೋತು ಬೀಳೋರು ಓದು ಬಾರದವರು. ಓದು ಬಂದವರು ಅಕ್ಷರಗಳನ್ನೇ ಸರಕ್ಕನೆ ಓದಿ ಮುಂದೆ ಹೋಗ್ತಾರೆ. ಅಂದರೆ ಶಾಲೆಗಳು ಮಕ್ಕಳಿಗೆ ಕಲಿಸ್ತಿದ್ದದ್ದು ಓದು ಬಾರದವರ ಅಭ್ಯಾಸವನ್ನ. 2022ರಲ್ಲಿ ಎಮಿಲಿ ಹ್ಯಾನ್‌ಫರ್ಡ್ ಅನ್ನೋ ಪತ್ರಕರ್ತೆ ತಮ್ಮ ಪಾಡ್‌ಕಾಸ್ಟ್ ಸರಣಿಯಲ್ಲಿ ಇದನ್ನ ಬಿಡಿಸಿಟ್ಟ ಮೇಲೆ ಅಮೆರಿಕದ ಹಲವು ರಾಜ್ಯಗಳು ಎಚ್ಚೆತ್ತುಕೊಂಡವು. ಓಹಾಯೋ 2023ರಲ್ಲಿ ಈ ಊಹೆಯ ವಿಧಾನಕ್ಕೆ ಕಾನೂನಿನಲ್ಲೇ ಕಡಿವಾಣ ಹಾಕಿತು.

ಹಾಗಾದ್ರೆ ಫೋನಿಕ್ಸ್‌ಗೆ ಜೈ ಅನ್ನೋಣವೇ? ನಿಲ್ಲಿ, ನಿಲ್ಲಿ. ಅಲ್ಲೂ ಒಂದು ಗುಂಡಿ ಇದೆ. ಅಮೆರಿಕ ಸರ್ಕಾರ ಫೋನಿಕ್ಸ್‌ಗೆ ಒತ್ತು ಕೊಟ್ಟು ‘ರೀಡಿಂಗ್ ಫಸ್ಟ್’ ಅಂತ ದೊಡ್ಡ ಯೋಜನೆ ಮಾಡಿತ್ತು. 2008ರಲ್ಲಿ ಅದರ ಮೌಲ್ಯಮಾಪನ ಬಂತು. ಒಂದನೇ ಕ್ಲಾಸಿನ ಮಕ್ಕಳು ಪದ ಬಿಡಿಸಿ ಓದೋದು ಸುಧಾರಿಸಿತ್ತು. ಆದರೆ ಓದಿದ್ದನ್ನ ಅರ್ಥ ಮಾಡಿಕೊಳ್ಳೋದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಯಾಕೆ ಹೀಗೆ ಅನ್ನೋದನ್ನ 1986ರಲ್ಲಿ ಗಫ್ ಮತ್ತು ಟನ್ಮರ್ ಅನ್ನೋರು ಒಂದೇ ಸಾಲಿನಲ್ಲಿ ಬರೆದಿಟ್ಟಿದ್ದರು:

```
R = D × C
```

ಇಲ್ಲಿ R ಅಂದರೆ ಓದು, D ಅಂದರೆ ಅಕ್ಷರ ಬಿಡಿಸಿ ಪದ ಓದೋ ಶಕ್ತಿ, C ಅಂದರೆ ಭಾಷೆ ಕೇಳಿದರೆ ಅರ್ಥವಾಗೋ ಶಕ್ತಿ. ಗಮನಿಸಿ, ಇದು ಕೂಡೋ ಲೆಕ್ಕ ಅಲ್ಲ, ಗುಣಿಸೋ ಲೆಕ್ಕ. ಎರಡಕ್ಕೂ ಒಂದರವರೆಗೆ ಅಂಕ ಕೊಡೋಣ. ಅಕ್ಷರದಲ್ಲಿ 0.9, ಭಾಷೆಯಲ್ಲಿ 0.2 ಇರೋ ಮಗುವಿನ ಓದು 0.18 ಮಾತ್ರ. ಎರಡರಲ್ಲಿ ಒಂದು ಸೊನ್ನೆ ಆದರೆ ಇನ್ನೊಂದು ಎಷ್ಟಿದ್ದರೂ ಸೊನ್ನೆಯೇ. ಅಂದರೆ ಸಮತೋಲನ ಇರಬೇಕಾದದ್ದು ಅಕ್ಷರಕ್ಕೂ ಊಹೆಗೂ ನಡುವೆ ಅಲ್ಲ, ಅಕ್ಷರಕ್ಕೂ ಭಾಷೆಗೂ ನಡುವೆ. ನನ್ನ ವಾದವೆಲ್ಲ ಇಷ್ಟೇ.

ಇದು ದೂರದೇಶದ ಕತೆ ಅಂದುಕೊಳ್ಳಬೇಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಮ್ಮ ನಲಿಕಲಿಯನ್ನೇ ನೋಡಿ. ಅಲ್ಲಿ ವರ್ಣಮಾಲೆ ಇಡೀ ಕಂಠಪಾಠ ಆಗೋವರೆಗೂ ಕಾಯೋದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಇಷ್ಟರಲ್ಲೇ ಮಗು ಸರ, ದರ, ರಸ, ಅರಸ, ಗರಗಸ ಅಂತ ಸ್ವತಃ ಓದಿಬಿಡುತ್ತೆ. ಇಂಗ್ಲೆಂಡಿನ ಫೋನಿಕ್ಸ್ ತರಗತಿಗಳಲ್ಲಿ ಎಸ್, ಎ, ಟಿ, ಪಿ, ಐ, ಎನ್ ಮೊದಲು ಕಲಿಸಿ ಸ್ಯಾಟ್, ಪಿನ್, ಟ್ಯಾಪ್ ಓದಿಸೋದೂ ಇದೇ ಉಪಾಯ. ಅದೇ ಹಳೇ ಪದ್ಧತಿಯಲ್ಲಾದರೆ ಎಲ್ಲೂ ಒಂಟಿಯಾಗಿ ಬಾರದ ‘ಙ’ ಬಾಯಿಪಾಠ ಆದಮೇಲೂ ಒಂದು ಪದ ಓದಿರೋಲ್ಲ!

ಆದರೆ ಮನೆಯಲ್ಲಿ ತುಳುವೋ ಉರ್ದುವೋ ಲಂಬಾಣಿಯೋ ಮಾತಾಡೋ ಮಗು ‘ಗರಗಸ’ ಅಂತ ಸ್ಪಷ್ಟವಾಗಿ ಓದಿ ಸುಮ್ಮನೆ ನಿಂತರೆ? ಅಲ್ಲಿ ಇನ್ನಷ್ಟು ಅಕ್ಷರಪಾಠ ಮಾಡಿ ಪ್ರಯೋಜನ ಇಲ್ಲ. ಗರಗಸ ತೋರಿಸಬೇಕು, ಮರ ಕುಯ್ಯೋ ಮಾತಾಡಬೇಕು, ಕತೆ ಓದಿ ಹೇಳಬೇಕು. ಬೆಂಗಳೂರಿನ ಗಲ್ಲಿ ಗಲ್ಲಿಯ ಫೋನಿಕ್ಸ್ ಕ್ಲಾಸುಗಳಿಗೆ ಫೀಸು ಕಟ್ಟೋ ಅಪ್ಪ ಅಮ್ಮಂದಿರೂ ಇದನ್ನ ಯೋಚಿಸಬೇಕು. ಇಂಗ್ಲಿಷ್ ಕಿವಿಗೇ ಬೀಳದ ಮಗು ಮೂರು ತಿಂಗಳಲ್ಲಿ ಪಟಪಟ ಅಂತ ಪುಟ ಓದಬಹುದು. ಏನು ಓದಿದೆ ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡುತ್ತೆ.

ನಿಮ್ಮ ಮಗುವಿಗೆ ಕೊರತೆ ಎಲ್ಲಿದೆ ಅಂತ ಮನೆಯಲ್ಲೇ ನೋಡಬಹುದು. ಚಿತ್ರ ಮುಚ್ಚಿ ಓದಿಸಿ. ‘ಮಿಗಟ’, ‘ಸೊಡಲಿ’ ಥರ ಅರ್ಥವಿಲ್ಲದ ಪದ ಬರೆದು ಕೊಡಿ. ಇಂಗ್ಲೆಂಡಿನಲ್ಲಿ 2012ರಿಂದ ನಡೀತಿರೋ ಫೋನಿಕ್ಸ್ ಪರೀಕ್ಷೆಯ 40 ಪದಗಳಲ್ಲಿ 20 ಇಂಥವೇ, ಯಾಕಂದ್ರೆ ಇವನ್ನ ಊಹಿಸೋಕೆ ಆಗಲ್ಲ. ಇಲ್ಲಿ ತಡವರಿಸಿದರೆ ಅಕ್ಷರದ ಕೆಲಸ ಬಾಕಿ ಇದೆ. ಆಮೇಲೆ ಒಂದು ಸಣ್ಣ ಕತೆಯನ್ನ ನೀವೇ ಓದಿ ಹೇಳಿ ಪ್ರಶ್ನೆ ಕೇಳಿ. ಕೇಳಿಸಿಕೊಂಡರೂ ಅರ್ಥವಾಗದಿದ್ದರೆ ಭಾಷೆಯ ಕೆಲಸ ಬಾಕಿ ಇದೆ. ಎರಡೂ ಬಾಕಿ ಇದ್ದರೆ ದಿನಾ ಎರಡನ್ನೂ ಮಾಡಿ, ಆದರೆ ಬೇರೆ ಬೇರೆ ಪುಸ್ತಕದಿಂದ. ಮಗು ತಾನೇ ಓದೋಕೆ ಅದು ಕಲಿತ ಅಕ್ಷರಗಳಷ್ಟೇ ಇರೋ ಪುಟ್ಟ ಪುಸ್ತಕ. ನೀವು ಓದಿ ಹೇಳೋಕೆ ಅದರ ಕೈಗೆ ಇನ್ನೂ ಎಟುಕದ ದೊಡ್ಡ ಕತೆ.

‘ಹೋಗಲಿ ಬಿಡಿ, ಪೋನಿ ಅಂದ್ರೂ ಕುದುರೆನೇ ತಾನೆ’ ಅನ್ನೋರಿಗೆ ಒಂದೇ ಪ್ರಶ್ನೆ. ನಾಳೆ ಔಷಧಿ ಬಾಟಲಿ ಮೇಲಿನ ಹೆಸರನ್ನೂ ಮಗು ಹೀಗೇ ಓದಿದರೆ ನಡೆಯುತ್ತಾ?

ಏನಂತೀರಿ?