ಈ ಟೈರಿನ ಊರು ಯಾವುದು?

ಪುಣೆಯ ಟೈರ್ ಅಂಗಡಿಗಳಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: "ಸಾಹೇಬ್, ಇದು ಜರ್ಮನ್ ಮಾಲು." ಸಾಕ್ಷಿಯಾಗಿ ತೋರಿಸುವುದು ಟೈರಿನ ಪಕ್ಕದಲ್ಲಿ ವೃತ್ತದೊಳಗಿರುವ E1 ಗುರುತನ್ನು. ಅದು ಜರ್ಮನಿಯ ಸಂಖ್ಯೆ ಎನ್ನುವುದೇನೋ ನಿಜ. ಆದರೆ ಅದು ಹೇಳುವುದು ಯುರೋಪಿನ ನಿಯಮದಡಿ ಆ ಟೈರಿಗೆ ಅನುಮೋದನೆ ಕೊಟ್ಟ ದೇಶವನ್ನು. E4 ಇದ್ದರೆ ನೆದರ್‌ಲ್ಯಾಂಡ್ಸ್ ಅನುಮೋದಿಸಿದೆ ಎಂದರ್ಥ. ಟೈರು ಚೀನಾದಲ್ಲೋ ಥಾಯ್ಲೆಂಡಿನಲ್ಲೋ ತಯಾರಾಗಿರಬಹುದು. ನಮ್ಮ ಐಎಸ್‌ಐ ಗುರುತಿನ ಕಥೆಯೂ ಇದೇ. ವಿದೇಶದ ಕಾರ್ಖಾನೆಗಳಿಗೂ ಆ ಪರವಾನಗಿ ಸಿಗುತ್ತದೆ, ಹಾಗಾಗಿ ಅದನ್ನು ನೋಡಿ ಭಾರತದ್ದೇ ಎನ್ನುವಂತಿಲ್ಲ.

"ಮೇಡ್ ಇನ್" ಎಂದು ಸಣ್ಣ ಅಕ್ಷರದಲ್ಲಿ ಇದ್ದರೆ ದೇಶ ಅಲ್ಲೇ ಗೊತ್ತಾಯಿತು. ಅದು ಸವೆದಿದ್ದರೆ, ಅಥವಾ ದೇಶದ ಜೊತೆಗೆ ಕಾರ್ಖಾನೆಯೂ ಬೇಕಿದ್ದರೆ, DOT ಎಂದು ಶುರುವಾಗುವ ಸಾಲನ್ನು ಹುಡುಕಬೇಕು. ಅಮೆರಿಕದ ಸಾರಿಗೆ ಇಲಾಖೆಯ ನಿಯಮಕ್ಕೆ ತಕ್ಕಂತೆ ಮಾಡಿದ ಟೈರಿನ ಗುರುತು ಅದು. ಅಲ್ಲಿಗೆ ರಫ್ತು ಮಾಡುವ ಕಂಪನಿಗಳು ಅದೇ ಅಚ್ಚಿನಲ್ಲಿ ಮಾಡಿದ ಟೈರನ್ನು ನಮಗೂ ಮಾರುವುದರಿಂದ ಇಲ್ಲಿಯ ಎಷ್ಟೋ ಟೈರುಗಳಲ್ಲೂ ಅದು ಇರುತ್ತದೆ. ಕೊನೆಯ ನಾಲ್ಕು ಅಂಕೆ ವಾರ ಮತ್ತು ವರ್ಷ ಎಂದು ಹಲವರಿಗೆ ಗೊತ್ತು. DOT ಆದಮೇಲಿನ ಮೊದಲ ಅಕ್ಷರಗಳನ್ನು ಮಾತ್ರ ಯಾರೂ ನೋಡುವುದಿಲ್ಲ. ಕಾರ್ಖಾನೆಯ ಸಂಕೇತ ಇರುವುದು ಅಲ್ಲೇ.

ಹಿಂದೆ ಈ ಸಂಕೇತಕ್ಕೆ ಎರಡೇ ಅಕ್ಷರ. ಸಂಕೇತಗಳು ಮುಗಿಯುತ್ತಾ ಬಂದವೆಂದು 2015ರ ನಿಯಮ ಮೂರು ಅಕ್ಷರಕ್ಕೆ ಏರಿಸಿತು. ಹಳೆಯ ಕಾರ್ಖಾನೆಗಳು ತಮ್ಮ ಸಂಕೇತದ ಮುಂದೆ 1 ಸೇರಿಸಬೇಕಿತ್ತು, ಅದಕ್ಕೆ 2025ರ ಏಪ್ರಿಲ್‌ವರೆಗೆ ಗಡುವಿತ್ತು. ಕೆನಡಾದ ಬ್ರಿಡ್ಜ್‌ವಾಟರ್‌ನಲ್ಲಿರುವ ಮಿಶೆಲಿನ್ ಕಾರ್ಖಾನೆಯ B3 ಹೀಗೆ 1B3 ಆಗುತ್ತದೆ. ನಿಮ್ಮ ಟೈರಿನದು ಎರಡಕ್ಷರವೋ ಮೂರಕ್ಷರವೋ ತಿಳಿಯಲು DOT ಬಿಟ್ಟು ಉಳಿದದ್ದನ್ನು ಎಣಿಸಿ. ತಾರೀಕೂ ಸೇರಿ 13 ಇದ್ದರೆ ಹೊಸ ಪದ್ಧತಿ, ಮೊದಲ ಮೂರನ್ನು ತೆಗೆದುಕೊಳ್ಳಿ. 12 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೊದಲ ಎರಡು. ದುಂಡಗಿನ ಅಕ್ಷರ ಕಂಡರೆ ಅದು ಸೊನ್ನೆಯೇ. ಈ ಸಂಕೇತಗಳಲ್ಲಿ O, I, S, Z ಬಳಸುವುದೇ ಇಲ್ಲ, ಹಾಗಾಗಿ S ಎಂದು ಓದಿದ್ದು 5 ಆಗಿರುತ್ತದೆ. ಕಪ್ಪು ರಬ್ಬರಿನ ಮೇಲೆ ಕಪ್ಪು ಅಕ್ಷರ ಕಾಣದಿದ್ದರೆ ಸೀಮೆಸುಣ್ಣ ಉಜ್ಜಿ ಫೋಟೋ ತೆಗೆಯಿರಿ.

ಸಿಕ್ಕಿದ ಸಂಕೇತವನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ vpic.nhtsa.dot.gov ತಾಣದ ತಯಾರಕರ ವಿಭಾಗದಲ್ಲಿ ಹುಡುಕಿದರೆ ಕಂಪನಿ, ಊರು, ದೇಶ ಸಿಗುತ್ತವೆ. ಕೇಳರಿಯದ ಬ್ರ್ಯಾಂಡ್ ಆದರೆ ಈ ಕೆಲಸ ಇನ್ನೂ ಸ್ವಾರಸ್ಯ. ಹೆಸರು ಒಬ್ಬರದು, ಮಾಡಿದವರು ಇನ್ನೊಬ್ಬರು ಎನ್ನುವ ಟೈರುಗಳು ಬೇಕಾದಷ್ಟಿವೆ, ಮತ್ತು ಸಂಕೇತ ಇರುವುದು ಮಾಡಿದವರದು.

ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂದರೆ 2000ದ ಫೈರ್‌ಸ್ಟೋನ್ ಪ್ರಕರಣ ನೋಡಿ. ಓಡುತ್ತಿರುವಾಗಲೇ ಟ್ರೆಡ್ ಕಿತ್ತುಬಂದು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಉರುಳಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಗಸ್ಟ್ 9ರಂದು ಕಂಪನಿ ಟೈರುಗಳನ್ನು ವಾಪಸ್ ಕರೆಯಿತು. ಆದರೆ ವೈಲ್ಡರ್‌ನೆಸ್ ಎಟಿ ಮಾದರಿಯಲ್ಲಿ ಕರೆದದ್ದು ಇಲಿನಾಯ್ ರಾಜ್ಯದ ಡಿಕೇಟರ್ ಕಾರ್ಖಾನೆಯಲ್ಲಿ ಮಾಡಿದ P235/75R15 ಅಳತೆಯವನ್ನು ಮಾತ್ರ. ಅದೇ ಹೆಸರು, ಅದೇ ಅಳತೆಯ ಟೈರು ಬೇರೆ ಕಡೆಯೂ ತಯಾರಾಗುತ್ತಿತ್ತು. ಕ್ವಿಬೆಕ್‌ನ ಜೋಲಿಯೆಟ್ ಕಾರ್ಖಾನೆಯ ಸಂಕೇತ VN, ಅಂದರೆ ಕೆನಡಾ. ಡಿಕೇಟರಿನದು VD. ಉದಾಹರಣೆಗೆ ಇಂಥ ಸಾಲು:

```
DOT VDHL 9AB 238
```

VD ಡಿಕೇಟರ್, HL ಅಳತೆಯ ಸಂಕೇತ, ನಡುವಿನದು ಕಂಪನಿಯ ಸ್ವಂತ ಲೆಕ್ಕ, 238 ಎಂದರೆ 1998ರ 23ನೇ ವಾರ. 2000ಕ್ಕೆ ಮುಂಚೆ ತಾರೀಕಿಗೆ ಮೂರೇ ಅಂಕೆ, ದಶಕವನ್ನು ನಾವೇ ಊಹಿಸಬೇಕಿತ್ತು. ಎರಡು ಅಕ್ಷರ ಓದಲು ಬಂದವರಿಗೆ ತಮ್ಮ ಟೈರು ಪಟ್ಟಿಯಲ್ಲಿದೆಯೇ ಎಂದು ಮನೆಯಂಗಳದಲ್ಲೇ ಗೊತ್ತಾಯಿತು. ಮರುವರ್ಷ ಅಕ್ಟೋಬರಿನಲ್ಲಿ ಬೇರೆ ಕಾರ್ಖಾನೆಗಳ ವೈಲ್ಡರ್‌ನೆಸ್ ಎಟಿ ಟೈರುಗಳನ್ನೂ ಕರೆಯಬೇಕಾಯಿತು ಎನ್ನುವುದು ಬೇರೆ ಮಾತು. ಊರು ಗೊತ್ತಾದರೆ ಗುಣವೂ ಗೊತ್ತಾಯಿತು ಎಂದಲ್ಲ.

ಗಾಡಿಗೆ ಹಾಕಿದ ಟೈರಿನಲ್ಲಿ ಸಾಲು ಅರ್ಧವೇ ಕಂಡರೆ ಗಾಬರಿ ಬೇಡ. ತಾರೀಕು ಸಹಿತ ಪೂರ್ತಿ ಸಾಲು ಒಂದೇ ಬದಿಯಲ್ಲಿದ್ದರೂ ಸಾಕು ಎನ್ನುತ್ತದೆ ನಿಯಮ, ಮತ್ತೊಂದು ಬದಿಯಲ್ಲಿ ತಾರೀಕು ಬಿಟ್ಟು ಉಳಿದದ್ದಿರಬಹುದು. ಕಾರ್ಖಾನೆ ತಿಳಿಯಲು ಅಷ್ಟು ಸಾಕು. ಅಲ್ಲಿ ಎಣಿಸುವಾಗ 13ರ ಬದಲು 9 ಎಂದು ಲೆಕ್ಕ ಹಿಡಿಯಿರಿ. ತಾರೀಕೂ ಬೇಕಿದ್ದರೆ ಮಾತ್ರ ಕಾರಿನಡಿ ಬಗ್ಗಬೇಕು.