ಹಬ್ಬದ ಟಿಕೆಟ್ಟಿನ ಲೆಕ್ಕ

ಬೆಂಗಳೂರಿಗೆ ಬಂದು ನೆಲೆಸಿದ ಹುಬ್ಬಳ್ಳಿಯ ಕುಟುಂಬ ವರ್ಷದ ಖರ್ಚು ಬರೆಯುವಾಗ ಊರಿನ ಓಡಾಟಕ್ಕೆ ಒಂದೇ ಸಾಲು ಇಡುತ್ತದೆ: ನಾಲ್ಕು ಜನ, ನಾಲ್ಕು ಸಲ. ಸ್ಲೀಪರ್ ಬಸ್ಸಿಗೆ ತಲೆಗೆ 900 ರೂಪಾಯಿ ಎಂದಿಟ್ಟುಕೊಂಡರೆ ಹೋಗಿಬರಲು ಒಟ್ಟು 28,800. ಆದರೆ ನಾಲ್ಕರಲ್ಲಿ ಎರಡು ಸಲ ಹೋಗುವುದು ಹಬ್ಬಕ್ಕೆ. ಆಗ ದರ 2,000ಕ್ಕೆ ಏರಿದರೆ ಮೊತ್ತ 46,400 ಆಗುತ್ತದೆ. ದೂರ ಅಷ್ಟೇ ಇದ್ದರೂ ಖರ್ಚು ಬೆಳೆದದ್ದು ದಿನಾಂಕದಿಂದ. ಹಾಗಾಗಿ ಈ ಬಜೆಟ್ ಶುರುವಾಗಬೇಕಾದದ್ದು ಪಂಚಾಂಗದಿಂದ.

ಖಾಸಗಿ ಬಸ್ಸಿನವರು ಸುಲಿಯುತ್ತಾರೆ ಎಂಬ ದೂರು ಪ್ರತಿ ವರ್ಷದ್ದು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ದೀಪಾವಳಿಯ ಮುನ್ನಾದಿನ ತುಂಬಿಹೋದ ಬಸ್ಸು ಬೆಂಗಳೂರಿಗೆ ಬಹುಪಾಲು ಖಾಲಿ ಮರಳುತ್ತದೆ. ಆ ಖಾಲಿ ಸೀಟಿನ ಡೀಸೆಲ್ಲನ್ನೂ ಊರಿಗೆ ಹೋಗುವವನ ಟಿಕೆಟ್ಟಿಗೇ ಸೇರಿಸುತ್ತಾರೆ. ಆದರೆ ಎಷ್ಟು ಸೇರಿಸಬೇಕೆಂಬುದಕ್ಕೆ ಮಿತಿ ಕಾಣುವುದಿಲ್ಲ, ಆಕ್ಷೇಪ ಇರುವುದು ಅಲ್ಲಿ. ಅದೇ ರಾತ್ರಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸೀಟು ಸುಲಭ. ಎರಡರಲ್ಲಿ ಒಂದು ಹಬ್ಬಕ್ಕೆ ಅಪ್ಪ ಅಮ್ಮನೇ ಇಲ್ಲಿಗೆ ಬಂದರೆ ನಾಲ್ಕು ದುಬಾರಿ ಟಿಕೆಟ್ಟಿನ ಬದಲು ಎರಡು ಮಾಮೂಲಿ ಟಿಕೆಟ್ಟು ಸಾಕು. ಗಣಪತಿ ಕೂರುವುದು ಹಿರಿಯರ ಮನೆಯಲ್ಲೇ ಎನ್ನುವವರಿಗೆ ಇದು ಆಗದ ಮಾತು. ಅವರು ದೀಪಾವಳಿಗೆ ಯೋಚಿಸಬಹುದು.

ಹೋಗಲೇಬೇಕೆಂದರೆ ರೈಲು. ರಾಣಿ ಚೆನ್ನಮ್ಮದಂಥ ಮಾಮೂಲಿ ಎಕ್ಸ್‌ಪ್ರೆಸ್‌ಗಳಲ್ಲಿ ಸ್ಲೀಪರ್ ದರ ಹಬ್ಬವೆಂದು ಏರುವುದಿಲ್ಲ. ಅಲ್ಲಿ ದುರ್ಲಭವಾಗುವುದು ಬರ್ತ್. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. 2026ರ ದೀಪಾವಳಿಗೆ ನವೆಂಬರ್ 6ರ ಶುಕ್ರವಾರ ರಾತ್ರಿ ಹೊರಡುವವರಿಗೆ ಬುಕಿಂಗ್ ತೆರೆಯುವುದು ಸೆಪ್ಟೆಂಬರ್ 7ರ ಬೆಳಿಗ್ಗೆ 8ಕ್ಕೆ. ಗಣೇಶ ಚತುರ್ಥಿ ಸೆಪ್ಟೆಂಬರ್ 14ಕ್ಕೆ. ಅಂದರೆ ಗಣಪತಿ ಬರುವ ಮೊದಲೇ ದೀಪಾವಳಿಯ ರಜೆ ನಿಶ್ಚಯವಾಗಿರಬೇಕು. ಬಲಿಪಾಡ್ಯಮಿಯ ರಾತ್ರಿ, ನವೆಂಬರ್ 10ಕ್ಕೆ, ಮರಳುವ ಟಿಕೆಟ್ಟು ತೆರೆಯುವುದು ಸೆಪ್ಟೆಂಬರ್ 11ಕ್ಕೆ. ಹೋಗುವ ಟಿಕೆಟ್ಟು ಸಿಕ್ಕ ಖುಷಿಯಲ್ಲಿ ಅನೇಕರು ಈ ಎರಡನೆಯ ದಿನಾಂಕ ಮರೆಯುತ್ತಾರೆ.

ವೇಟಿಂಗ್ ಲಿಸ್ಟ್ ನಂಬಿ ಕೂರುವುದು ಇನ್ನೊಂದು ತಪ್ಪು. ಚಾರ್ಟ್ ಆದಮೇಲೂ ಖಾತ್ರಿಯಾಗದ ಇ-ಟಿಕೆಟ್ ತಾನಾಗಿ ರದ್ದಾಗಿ ದುಡ್ಡೇನೋ ವಾಪಸ್ಸು ಬರುತ್ತದೆ, ಅಷ್ಟರಲ್ಲಿ ಬಸ್ಸಿನ ದರ ತುದಿ ಮುಟ್ಟಿರುತ್ತದೆ. ಸಂಖ್ಯೆ ಕರಗುತ್ತಿಲ್ಲವೆಂದು ಕಂಡ ಕೂಡಲೇ ಸರ್ಕಾರಿ ಬಸ್ಸು ನೋಡುವುದು ಲೇಸು.

ಇಷ್ಟೆಲ್ಲ ಮಾಡಿದರೂ ಬಜೆಟ್ಟನ್ನು 28,800ಕ್ಕೇ ನಿಲ್ಲಿಸಬಾರದು. ಊರಿನಿಂದ ಫೋನು ಬಂದು ಅದೇ ರಾತ್ರಿ ಹೊರಡಬೇಕಾಗುವ ಪ್ರಯಾಣಕ್ಕೆ ಅರವತ್ತು ದಿನದ ಅವಕಾಶ ಇರುವುದಿಲ್ಲ. ಹಬ್ಬದಲ್ಲಿ ಉಳಿಸಿದ್ದರಲ್ಲಿ ಒಂದಿಷ್ಟನ್ನು ಅದಕ್ಕೆಂದೇ ಬೇರೆ ಸಾಲಿನಲ್ಲಿ ಬರೆದಿಡಬೇಕು.